ಪರೀಕ್ಷೆಯ ದಿನ ಬಿಚ್ಚುವ ದಾರ

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ದಿನೇಶ ಹರಿಕಂತ್ರನಿಗೆ ಅಲ್ಲಿರುವುದು ಹೇಸಿಗೆ. ಹೊನ್ನಾವರದ ಹೊಳೆ ಆಚೆ, ಒಣಮೀನು ಹರವಿದ ಅಂಗಳದಲ್ಲಿ ಅಂಬೆಗಾಲಿಟ್ಟು ಬೆಳೆದವನು. ಆ ವಾಸನೆಗೆ ಅವನು ಒಂದು ದಿನವೂ ಮೂಗು ಮುಚ್ಚಿದವನಲ್ಲ. ಅವನಿಗೆ ನಾರುತ್ತಿದ್ದದ್ದು ಬೇರೆ ಸರಕು. ನೋಡದೆ ಹಾಕಿದ ಸಹಿ ನಾರುತ್ತಿತ್ತು, ಉರು ಹೊಡೆದ ಉತ್ತರ ನಾರುತ್ತಿತ್ತು, ಉದ್ಘಾಟನೆಗೆ ಬಳಿದ ಬಣ್ಣ ನಾರುತ್ತಿತ್ತು. ಕುಮಟೆಯ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ಫಿಟ್ಟರ್ ಕೆಲಸ ಕಲಿಸುವ ಮಾಸ್ತರನಿಗೆ ಇಂಥ ಮೂಗಿದ್ದರೆ ಆಗುವ ಫಜೀತಿ ಅಷ್ಟಿಷ್ಟಲ್ಲ. ಇಡೀ ದಿನ ಮೂಗು ಸಿಂಡರಿಸಿಕೊಂಡೇ ಇರಬೇಕಾಗುತ್ತದೆ. ಅವನ ಮುಖ ಇದ್ದದ್ದೂ ಹಾಗೆಯೇ, ಹುಳಿ ಮಜ್ಜಿಗೆ ಕುಡಿದವನ ಹಾಗೆ.

ವರ್ಷದಲ್ಲಿ ಅವನ ಮುಖ ಎಲ್ಲಕ್ಕಿಂತ ಹುಳಿಯಾಗುವುದು ಸುರಕ್ಷತೆಯ ಪಾಠ ಬಂದಾಗ. ಪಾಠದ ಹೆಸರು, ಪವರ್ ಪ್ರೆಸ್ಸಿನ ಗಾರ್ಡುಗಳು. ಲೋಹದ ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲು ಒತ್ತಿದರೆ ಮೇಲಿಂದ ಭಾರೀ ತಲೆಯೊಂದು ಬಂದು ಕತ್ತರಿಸಿ ಹೋಗುವ ಯಂತ್ರ ಅದು. ತಗಡು ಯಾವುದು, ಬೆರಳು ಯಾವುದು ಎಂಬ ಭೇದ ಅದಕ್ಕಿಲ್ಲ. ಆದ್ದರಿಂದ ಅಚ್ಚಿನ ಸುತ್ತ ಕಾವಲು ಬೇಕು. ಬೋಲ್ಟು ಹಾಕಿ ಬಿಗಿದ ಫಿಕ್ಸ್ಡ್ ಗಾರ್ಡು ಒಂದು. ಬಾಗಿಲು ತೆರೆದರೆ ಯಂತ್ರವೇ ಓಡದಂತೆ ಮಾಡುವ ಇಂಟರ್‌ಲಾಕ್ ಗಾರ್ಡು ಒಂದು. ತಲೆ ಇಳಿಯುವಾಗ ಕೈಯನ್ನು ತಾನೇ ಆಚೆ ಎಳೆದು ಹಾಕುವ ಪಟ್ಟಿ. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರಷ್ಟೇ ಓಡುವ ಏರ್ಪಾಡು. ಕೈ ಅಡ್ಡ ಬಂದರೆ ನಿಲ್ಲಿಸುವ ಬೆಳಕಿನ ಪರದೆ. ಮಕ್ಕಳು ಇದನ್ನೆಲ್ಲ ಮಗ್ಗಿಯ ಹಾಗೆ ರಾಗ ಎಳೆದು ಒಪ್ಪಿಸುತ್ತಿದ್ದರು. ಕೊನೆಗೆ ಗೈಡು ಪುಸ್ತಕದಲ್ಲಿ ಮೂರು ನಕ್ಷತ್ರ ಹಾಕಿದ ಪ್ರಶ್ನೆ: ಇಂಟರ್‌ಲಾಕ್ ಕೈಕೊಡುವುದು ಹೇಗೆ? ಅದಕ್ಕೂ ರಾಗ ಸಿದ್ಧ. ಸ್ಪ್ರಿಂಗ್ ಮುರಿಯುವುದು, ಕಾಂಟ್ಯಾಕ್ಟ್ ಬೆಸೆದುಕೊಳ್ಳುವುದು, ಸ್ವಿಚ್ಚಿನ ಮೊಳೆ ಸಿಕ್ಕಿಕೊಳ್ಳುವುದು, ಬಾಗಿಲು ಸ್ವಿಚ್ಚು ಒಂದಕ್ಕೊಂದು ಸರಿಯಾಗಿ ಕೂಡದಿರುವುದು, ಬೇಕೆಂದೇ ಕಟ್ಟಿ ಹಾಕುವುದು.

"ಪುರಾಣ ಹೇಳುದಕ್ಕೆ, ಬದ್ನೆಕಾಯಿ ತಿನ್ನುದಕ್ಕೆ" ಎಂದು ದಿನೇಶ ಡಸ್ಟರ್ ಮೇಜಿಗೆ ಎಸೆಯುತ್ತಿದ್ದ. ಮಕ್ಕಳು ನಗುತ್ತಿದ್ದರು. ಮಾಸ್ತರರ ಸ್ವಭಾವ ಅವರಿಗೆ ಒಗ್ಗಿತ್ತು.

ಆದರೆ ಆ ಬದನೆಕಾಯಿಯನ್ನು ಎಲ್ಲರಿಗಿಂತ ಹೆಚ್ಚು ತಿಂದವನು ದಿನೇಶನೇ.

ಸಂಸ್ಥೆಯಲ್ಲಿ ಪ್ರೆಸ್ ಇರಲಿಲ್ಲ. ಪ್ರ್ಯಾಕ್ಟಿಕಲ್ ಪರೀಕ್ಷೆ ನಡೆಯುತ್ತಿದ್ದದ್ದು ಹಳದೀಪುರದಲ್ಲಿ, ಹೆದ್ದಾರಿ ಬದಿಯ ಗುರುದತ್ತ ಶಾನಭಾಗರ ಶೆಡ್ಡಿನಲ್ಲಿ. ಮೀನಿನ ಐಸ್ ಪೆಟ್ಟಿಗೆಗೆ ಹಾಕುವ ಕೊಂಡಿ, ಚಿಲಕ, ಬಿಜಾಗರಿಗಳು ಅಲ್ಲಿ ತಯಾರಾಗುತ್ತವೆ. ಅಲ್ಲಿನ ಹಳೆಯ ಪ್ರೆಸ್ಸಿನ ಮೇಲೆ ಕೂತು ಚಿಲಕ ಹೊಡೆಯುವವಳು ಮಂಜಿ, ದಿನೇಶನ ಒಡಹುಟ್ಟಿದ ಅಕ್ಕ. ಗಂಡ ಬೋಟಿನಲ್ಲಿ ಹೋಗುತ್ತಾನೆ. ಮಳೆಗಾಲದಲ್ಲಿ ಬೋಟು ದಡ ಹತ್ತಿದರೆ ಮನೆ ನಡೆಯುವುದು ಈ ಚಿಲಕದಿಂದಲೇ.

ಆ ಪ್ರೆಸ್ಸಿನ ಮುಂದೆ ಜಾಳಿಗೆಯ ಬಾಗಿಲೊಂದಿತ್ತು, ಮೇಲೆ ಕೆಳಗೆ ಜಾರುವಂಥದ್ದು. ಬಾಗಿಲು ಪೂರಾ ಕೆಳಗಿಳಿದರೆ ಬುಡದಲ್ಲಿರುವ ಸ್ವಿಚ್ಚಿನ ಪುಟ್ಟ ಗಾಲಿಯನ್ನು ಅದುಮುತ್ತದೆ. ಆಗ ಕರೆಂಟು ಹರಿದು ಪೆಡಲಿಗೆ ಜೀವ ಬರುತ್ತದೆ. ಬಾಗಿಲೆತ್ತಿದರೆ ಗಾಲಿ ಸ್ಪ್ರಿಂಗಿನ ಬಲದಿಂದ ಮೇಲೆ ಚಿಮ್ಮಿ ಕರೆಂಟು ಕಡಿಯಬೇಕು, ಪೆಡಲು ತುಳಿದರೂ ತಲೆ ಇಳಿಯಬಾರದು. ಕಾಗದದ ಮೇಲೆ ಬಲು ಚೆಂದ. ಆದರೆ ಒಂದೊಂದು ಚಿಲಕಕ್ಕೂ ಬಾಗಿಲು ಎತ್ತಿ, ಇಳಿಸಿ, ಎತ್ತಿ ಕೂತರೆ ಸಂಜೆಯೊಳಗೆ ಡಬ್ಬಿ ತುಂಬುವುದಿಲ್ಲ. ಅದಕ್ಕೆ ಮಂಜಿ ಬಲೆಯ ನೈಲಾನು ದಾರದಿಂದ ಆ ಗಾಲಿಯನ್ನು ಕೆಳಗದುಮಿ ಕಟ್ಟಿಬಿಟ್ಟಿದ್ದಳು. ಕಟ್ಟಿದ್ದು ಬಲೆ ಹೆಣೆಯುವವರ ಗಂಟು, ಎಳೆದಷ್ಟೂ ಬಿಗಿಯುವಂಥದ್ದು. ಬಾಗಿಲು ಸದಾ ಮೇಲೆ, ಸ್ವಿಚ್ಚಿಗೆ ಮಾತ್ರ ಬಾಗಿಲು ಸದಾ ಮುಚ್ಚಿದೆ ಎಂಬ ಭ್ರಮೆ.

ಹಾಗೆಂದು ಅವಳು ಅಡ್ಡಾದಿಡ್ಡಿ ಕೆಲಸದವಳಲ್ಲ. ಅವಳಿಗೆ ಅವಳದೇ ಒಂದು ತಾಳವಿತ್ತು. ತಗಡು ಒಳಗೆ, ಕೈ ಹೊರಗೆ, ಆಮೇಲೆ ಕಾಲು. ಕೈ ಹೊರಗೆ ಬಂದು ಮೊಣಕಾಲಿಗೆ ತಾಗಿದ ಮೇಲಷ್ಟೇ ಕಾಲು ಪೆಡಲಿಗೆ. ಪಕ್ಕದವಳು ಮಾತಾಡಿಸಿದರೂ, ಮನೆಯಿಂದ ಫೋನು ಬಂದರೂ ಈ ತಾಳ ತಪ್ಪುತ್ತಿರಲಿಲ್ಲ.

"ದಾರ ಕಟ್ಟಿದ್ದು ನಂಗೆ ಗೊತ್ತುಂಟು ಅಲ್ದಾ ತಮ್ಮ. ಹೆದ್ರಿಕೆ ಇದ್ರೆ ಕೈ ಜಾಗೃತೆ ಇರ್ತದೆ" ಎನ್ನುತ್ತಿದ್ದಳು.

ಇನ್ನು ಪರೀಕ್ಷೆಯ ಪದ್ಧತಿ. ಮುನ್ನಾದಿನ ದಿನೇಶ ಗುರುದತ್ತರಿಗೆ ಫೋನು ಮಾಡುತ್ತಿದ್ದ: "ದತ್ತಣ್ಣ, ನಾಳೆ ಮಕ್ಕಳು ಬರ್ತ್ರು. ಅದೊಂದು ಬಿಚ್ಸಿ ಇಡಿ." ಅದು ಎಂದರೆ ಯಾವುದು ಎಂದು ಇಬ್ಬರೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ಮಂಜಿ ದಾರ ಬಿಚ್ಚುವಳು, ಬಾಗಿಲಿಗೆ ಎಣ್ಣೆ ಹಾಕುವಳು. ಪರೀಕ್ಷೆ ಮುಗಿದು ಮಕ್ಕಳ ಟೆಂಪೋ ಹೆದ್ದಾರಿ ಸೇರುವಷ್ಟರಲ್ಲಿ ದಾರ ಮತ್ತೆ ಗಾಲಿಯ ಮೇಲಿರುತ್ತಿತ್ತು. ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಂದು ಕುಡುಕ ಮಾವನನ್ನು ಒಂದು ದಿನ ಬೇರೆ ಊರಿಗೆ ಸಾಗಿಸುವ ಹಾಗೆ. ಈ ಫೋನು ಇಟ್ಟ ಮೇಲೆ ದಿನೇಶನಿಗೆ ಊಟ ಸೇರುತ್ತಿರಲಿಲ್ಲ, ತನ್ನ ಮೇಲೇ ವಾಕರಿಕೆ ಬರುತ್ತಿತ್ತು. ಮರುವರ್ಷ ಮತ್ತೆ ಅದೇ ಫೋನು ಮಾಡುತ್ತಿದ್ದ.

ಪರೀಕ್ಷೆಯ ದಿನ ಮಂಜಿಯದೇ ಒಂದು ಪ್ರದರ್ಶನವೂ ಇರುತ್ತಿತ್ತು. ಯಾವ ವರ್ಷ ಶುರುವಾಯಿತೋ ಯಾರಿಗೂ ನೆನಪಿಲ್ಲ, ಆದರೆ ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಬಾಗಿಲೆತ್ತಿ, ಅಂಗೈಯನ್ನು ಅಚ್ಚಿನ ಮೇಲೆ ಹರವಿಟ್ಟು, ಪೆಡಲು ತುಳಿಯುವಳು. ತಲೆ ಇಳಿಯುವುದಿಲ್ಲ. "ಕಂಡ್ರಾ? ಬಾಗ್ಲು ತೆಗೆದಿದ್ರೆ ಮಿಶಿನ್ ಸತ್ತ ಹಾಂಗೆ" ಎನ್ನುವಳು. ಮಕ್ಕಳು ಚಪ್ಪಾಳೆ ತಟ್ಟುವರು. ಗುರುದತ್ತರು ಎಲ್ಲರಿಗೂ ಅವಲಕ್ಕಿ, ಚಹ ತರಿಸುವರು.

ಈ ವರ್ಷ ಹೊರಗಿನ ಪರೀಕ್ಷಕರಾಗಿ ಬಂದವರು ಭಟ್ಕಳದ ಭಾಸ್ಕರ ಸರ್. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ ಏಲಕ್ಕಿ. ಬಂದವರೇ ಫ್ಯಾನು ಹುಡುಕಿದರು. ಶೆಡ್ಡಿನಲ್ಲಿದ್ದ ಒಂದೇ ಫ್ಯಾನು ಪ್ರೆಸ್ಸಿನ ಎದುರಿಗೆ, ಪ್ರತಿವರ್ಷ ದಿನೇಶ ನಿಲ್ಲುತ್ತಿದ್ದ ಜಾಗದಲ್ಲಿ ತಿರುಗುತ್ತಿತ್ತು. ಅಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು.

"ಬೇಗ ಮುಗಿಸುವ ದಿನೇಶ. ಹೊನ್ನಾವರದಲ್ಲಿ ಊಟ ಹೇಳಿ ಬಂದಿದ್ದೇನೆ, ಬಂಗಡೆ ಮೀನು ಖಾಲಿಯಾಗ್ತದೆ."

ಥೂ, ಎಂದುಕೊಂಡ ದಿನೇಶ. ಬಾಯಲ್ಲಿ ಬಂದದ್ದು "ಆತು ಸರ್" ಎಂಬ ಮಾತು. ಕುರ್ಚಿಗೆ ಜಾಗ ಬಿಟ್ಟು ಯಂತ್ರದ ಪಕ್ಕಕ್ಕೆ, ಸ್ವಿಚ್ಚಿದ್ದ ಕಡೆಗೆ ಸರಿದು ನಿಂತ. ದಾರ ಬಿಚ್ಚಿದ್ದು ಕಂಡಿತು. ಅಷ್ಟು ಕಂಡದ್ದೇ ಸಾಕೆಂದು ಆ ಕಡೆ ಮತ್ತೆ ನೋಡಲಿಲ್ಲ.

ಮೌಖಿಕ ಪ್ರಶ್ನೆಗಳು ಶುರುವಾದವು. ಭಾಸ್ಕರ ಸರ್ ಕೈಯಲ್ಲಿದ್ದದ್ದು ಅದೇ ಮೂರು ನಕ್ಷತ್ರದ ಗೈಡು. ಮಕ್ಕಳು ರಾಗ ಎಳೆದರು, ಅವರು ತಲೆಯಾಡಿಸಿದರು. ಉಮಾ ಗೌಡ ಎಂಬ ಹುಡುಗಿಯ ಸರದಿ ಬಂತು. ಕುಮಟೆ ಕಡೆಯ ಹಳ್ಳಿಯವಳು, ಗದ್ದೆ ಕೆಲಸದ ಮನೆಯಿಂದ ಬಂದವಳು, ಬಾಯಿಪಾಠದಲ್ಲಿ ಸ್ವಲ್ಪ ಹಿಂದೆ.

"ಈ ಪ್ರೆಸ್ಸಿಗೆ ಬೆಳಕಿನ ಪರದೆ ಹಾಕಬಹುದಾ?" ಎಂದು ಕೇಳಿದರು.

"ಹಾಕಿ ಪ್ರಯೋಜನ ಇಲ್ಲ ಸರ್. ಇದು ಕೀ ಕ್ಲಚ್ಚಿಂದು. ಒಂದ್ಸಲ ಹಿಡಿದ್ರೆ ಇಡೀ ಸುತ್ತು ತಿರುಗೇ ನಿಲ್ಲುದು. ಬೆಳಕು ಕಡಿದ್ರೂ ಮಧ್ಯ ನಿಲ್ಲುಕೆ ಆಗುದಿಲ್ಲ."

ದಿನೇಶನಿಗೆ ಬೆಳಗಿನಿಂದ ಮೊದಲ ಬಾರಿ ಮುಖ ಸಡಿಲವಾಯಿತು. ಇದನ್ನು ಅವನೇ ಹಲಗೆಯ ಮೇಲೆ ಚಿತ್ರ ಬರೆದು ಕಲಿಸಿದ್ದ.

"ಸರಿ. ಇಂಟರ್‌ಲಾಕ್ ಕೈಕೊಡುವ ಕಾರಣಗಳು?"

ಉಮಾ ಐದನ್ನೂ ಹೇಳಿದಳು. ಹೇಳಿ ಮುಗಿಸಿ, "ಸರ್, ಒಳಗೆ ಸ್ಪ್ರಿಂಗ್ ಮುರ್ದಿದ್ದು ಹೊರಗಿಂದ ಹೇಂಗೆ ಗೊತ್ತಾಗ್ತದೆ?" ಎಂದು ಕೇಳಿದಳು.

ಭಾಸ್ಕರ ಸರ್ ಗೈಡು ಮುಚ್ಚಿದರು. "ಅದು ಸಿಲಬಸ್ಸಿನಲ್ಲಿಲ್ಲ. ಕಾರಣ ಕೇಳಿದ್ರೆ ಕಾರಣ ಹೇಳ್ಬೇಕು. ನೆಕ್ಸ್ಟ್."

ಉತ್ತರ ದಿನೇಶನಿಗೆ ಗೊತ್ತಿತ್ತು. ಹೊರಗಿನಿಂದ ಗೊತ್ತಾಗುವುದಿಲ್ಲ, ಅದೇ ಈ ಬಗೆಯ ಸ್ವಿಚ್ಚಿನ ದೊಡ್ಡ ಪಾಪ. ಬಾಗಿಲು ಮುಚ್ಚಿದಾಗ ಅದುಮಿಸಿಕೊಳ್ಳುವ ಸ್ವಿಚ್ಚು ತೆರೆದಾಗ ಬಿಡಿಸಿಕೊಳ್ಳಲು ಸ್ಪ್ರಿಂಗನ್ನೇ ನಂಬಬೇಕು. ಬಾಗಿಲು ತೆರೆಯುವ ಬಲವೇ ಕಾಂಟ್ಯಾಕ್ಟನ್ನು ತಳ್ಳಿ ಬಿಡಿಸುವ ಬಗೆಯನ್ನು ಹಾಕಿದ್ದರೆ ಸ್ಪ್ರಿಂಗು ಸತ್ತರೂ ಕರೆಂಟು ಕಡಿಯುತ್ತಿತ್ತು, ದಾರ ಕಟ್ಟಿ ಮೋಸ ಮಾಡುವುದೂ ಇಷ್ಟು ಸಲೀಸಾಗುತ್ತಿರಲಿಲ್ಲ. ಇರುವುದನ್ನು ನಂಬಬೇಕಾದರೆ ದಿನಾ ಬಾಗಿಲು ತೆರೆದಿಟ್ಟು, ಕೈ ದೂರವಿಟ್ಟು, ಪೆಡಲು ಒತ್ತಿ ನೋಡಬೇಕು. ಇಷ್ಟನ್ನೂ ಹೇಳಲು ಅವನ ನಾಲಿಗೆ ತುದಿಗೆ ಬಂತು. ಭಾಸ್ಕರ ಸರ್ ಗಡಿಯಾರ ನೋಡುತ್ತಿದ್ದರು. ಅವರ ಏಲಕ್ಕಿ ವಾಸನೆ ಫ್ಯಾನಿನ ಗಾಳಿಯಲ್ಲಿ ಇವನ ಮುಖಕ್ಕೇ ಹೊಡೆಯುತ್ತಿತ್ತು. ದಿನೇಶ ಮಾತು ನುಂಗಿಕೊಂಡ.

"ಹಾಂ, ಆ ಹೆಂಗಸಿನ ಡೆಮೊ ಒಂದು ಆಗ್ಲಿ. ಅಲ್ಲಿಗೆ ಪ್ರ್ಯಾಕ್ಟಿಕಲ್ ಮುಗೀತು ಅಂತ ಬರೆಯುವ" ಎಂದರು ಭಾಸ್ಕರ ಸರ್.

ಮೋಟರು ಹಾಕಿದರು. ದೊಡ್ಡ ಗಾಲಿ ತಿರುಗತೊಡಗಿತು. ಮಂಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಪರೀಕ್ಷೆಯ ದಿನ ಅವಳ ಮುಖದಲ್ಲಿ ಒಂದು ಬಗೆಯ ನಿರಾಳ ಇರುತ್ತಿತ್ತು. ಉಳಿದ ದಿನವೆಲ್ಲ ಯಂತ್ರಕ್ಕೆ ಹೆದರಿ ದುಡಿಯುವವಳು, ದಾರ ಬಿಚ್ಚಿದ ದಿನ ಅದನ್ನು ಪೂರಾ ನಂಬುತ್ತಿದ್ದಳು. ಮಕ್ಕಳ ಕಡೆ ನೋಡಿ ನಕ್ಕಳು. ಬಾಗಿಲನ್ನು ಸರ್ರನೆ ಮೇಲಕ್ಕೆತ್ತಿದಳು. ಅಚ್ಚಿನ ಮೇಲಿದ್ದ ತಗಡಿನ ಮೇಲೆ ಅಂಗೈ ಹರವಿದಳು.

ದಿನೇಶ ಆಗ ನೋಡುತ್ತಿದ್ದದ್ದು ಅಕ್ಕನನ್ನಲ್ಲ. ಭಾಸ್ಕರ ಸರ್ ಮುಖ ನೋಡಿದರೆ ವಾಕರಿಕೆ ಬರುತ್ತದೆಂದು ತಲೆ ತಗ್ಗಿಸಿ ನಿಂತಿದ್ದ. ತಗ್ಗಿಸಿದ ಕಣ್ಣಿಗೆ ಆ ಸ್ವಿಚ್ಚು ಬಿತ್ತು. ಬಾಗಿಲು ಮೇಲೆ ಹೋಗಿತ್ತು. ಗಾಲಿ ಮೇಲೆ ಬಂದಿರಲಿಲ್ಲ. ದಾರವಿಲ್ಲ, ಬಾಗಿಲಿಲ್ಲ, ಯಾರೂ ಅದುಮಿಲ್ಲ, ಆದರೂ ಅದುಮಿದ ಹಾಗೇ ಕೂತಿತ್ತು.

"ಅಕ್ಕಾ, ಕೈ!"

ಕೂಗಿದ್ದು ತಾನೇ ಎಂದು ಅವನಿಗೆ ಆಮೇಲೆ ತಿಳಿಯಿತು. ಮಂಜಿ ಬೆಚ್ಚಿ ಕೈ ಹೊರಗೆಳೆದಳು. ಕೈ ಮೊಣಕಾಲಿಗೆ ತಾಗಿತು. ಕೈ ಮೊಣಕಾಲಿಗೆ ತಾಗಿದರೆ ಆಮೇಲೆ ಕಾಲು. ಅವಳ ಮೈ ಕಲಿತದ್ದು ಹಾಗೆ. ಕಾಲು ಪೆಡಲು ತುಳಿಯಿತು.

ಬಾಗಿಲು ತೆರೆದೇ ಇತ್ತು. ತಲೆ ಢಕ್ಕೆಂದು ಕೆಳಗೆ ಬಂದು ಮೇಲೆ ಹೋಯಿತು. ಚಿಲಕವೊಂದು ಅಚ್ಚುಕಟ್ಟಾಗಿ ಕತ್ತರಿಸಿ ತಟ್ಟೆಗೆ ಬಿತ್ತು.

ಗುರುದತ್ತರು ಓಡಿ ಹೋಗಿ ಮೋಟರು ಆರಿಸಿದರು. ಉಮಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಮಂಜಿ ತನ್ನ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಯಾರದೋ ಕೈಯನ್ನು ನೋಡುವ ಹಾಗೆ. ಆಮೇಲೆ ಎದ್ದು, ಯಾರ ಮುಖವನ್ನೂ ನೋಡದೆ ಹಿಂದಿನ ಬಾಗಿಲಿನಿಂದ ನಲ್ಲಿಯ ಕಡೆ ಹೋದಳು.

ದಿನೇಶ ಮೇನ್ ಸ್ವಿಚ್ಚು ಕೆಳಗೆಳೆದು, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡ. ಸ್ಕ್ರೂಡ್ರೈವರ್ ತಗೊಂಡು ಆ ಸ್ವಿಚ್ಚನ್ನು ಬಿಚ್ಚಿದ. ಒಳಗಿನಿಂದ ಹಸಿರು ಕಿಲುಬು, ಕಂದು ತುಕ್ಕು, ಜಿಡ್ಡಿನ ಜೊತೆ ಗಟ್ಟಿಕಟ್ಟಿ ಚಕ್ಕೆಚಕ್ಕೆಯಾಗಿ ಉದುರಿತು. ಕಡಲ ಉಪ್ಪುಗಾಳಿಯಲ್ಲಿ ತಿಂಗಳುಗಟ್ಟಲೆ ಅದುಮಿಸಿಕೊಂಡೇ ಇದ್ದ, ಗಾಲಿಯ ಬುಡದ ಮೊಳೆ ತನ್ನ ಗೂಡಿಗೇ ಅಂಟಿಹೋಗಿತ್ತು. ಸ್ಪ್ರಿಂಗು ಎರಡು ತುಂಡಾಗಿತ್ತು. ದಾರ ಕಟ್ಟಿದ್ದಷ್ಟೂ ಕಾಲ ಈ ಕೊಳೆತವನ್ನು ಯಾರೂ ಕಾಣುವ ಹಾಗಿರಲಿಲ್ಲ. ಎಲ್ಲರೂ ದಾರ ಬಿಚ್ಚಿದರೆ ಸಾಕೆಂದುಕೊಂಡಿದ್ದರು. ಹಡಗಿನ ತಳದಲ್ಲಿ ಸತ್ತ ಇಲಿ ಸಿಕ್ಕಿದ್ದರೂ ದಿನೇಶನಿಗೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

ಭಾಸ್ಕರ ಸರ್ ಕುರ್ಚಿಯಿಂದ ಎದ್ದಿರಲಿಲ್ಲ. ಕರ್ಚೀಫಿನಿಂದ ಹಣೆ ಒರೆಸಿಕೊಂಡು, "ವೋಲ್ಟೇಜ್ ಏರುಪೇರಾಗಿರ್ಬೇಕು" ಎಂದರು.

"ಸ್ಪ್ರಿಂಗ್ ಮುರ್ದದೆ ಸರ್. ಮೊಳೆ ಸಿಕ್ಕಿ ಕೂತದೆ. ನೋಡಿ." ದಿನೇಶ ಅಂಗೈಯಲ್ಲಿ ಹಿಡಿದು ಅವರ ಮೂಗಿನ ಹತ್ತಿರ ತಂದ.

ಅವರು ಹಿಂದೆ ಸರಿದರು. "ಒಳ್ಳೇದೇ ಆಯ್ತಲ್ಲ ಮಾರಾಯ. ಮಕ್ಕಳು ಹೇಳಿದ ಉತ್ತರವೇ. ಎಲ್ಲರಿಗೂ ಫುಲ್ ಮಾರ್ಕ್ಸ್ ಕೊಡುವ. ಗಾರ್ಡ್ ಪರಿಶೀಲಿಸಿದೆ, ಸರಿಯಿದೆ ಅಂತ ನೀವೊಂದು ಸಹಿ ಹಾಕಿ, ಊಟಕ್ಕೆ ಹೋಗುವ."

"ನಾ ಸಹಿ ಹಾಕುದಿಲ್ಲ."

"ಹಾಕದಿದ್ರೆ ಪರೀಕ್ಷೆ ರದ್ದು. ಮಕ್ಕಳ ವರ್ಷ ಹೋಗ್ತದೆ."

"ಬೇರೆ ಪ್ರೆಸ್ ಹುಡ್ಕುವ. ಇದ್ರ ಮೇಲೆ ಇನ್ನು ಪರೀಕ್ಷೆ ಇಲ್ಲ."

ಗುರುದತ್ತರು ನಡುವೆ ಬಂದರು. ಒಳ್ಳೆಯ ಮನುಷ್ಯ, ಎಲ್ಲರೂ ಹಾಗೆಂದೇ ಹೇಳುತ್ತಾರೆ. ಕೆಲಸದವರ ಮನೆಯ ಮದುವೆಗೆ ತಪ್ಪದೆ ಹೋಗುತ್ತಾರೆ. "ದಿನೇಶ, ಹೊಸ ಸ್ವಿಚ್ಚು ಹಾಕ್ಸುವ, ಅದ್ಕೆಂತ. ನೀನು ಸುಮ್ನೆ ದೊಡ್ಡದು ಮಾಡ್ಬೇಡ. ದೇವರು ದೊಡ್ಡವ, ಎಂತ ಆಗ್ಲಿಲ್ಲ ಅಲ್ದಾ?" ಎಂದು ಅವನ ಭುಜ ತಟ್ಟಿದರು. ಆ ಕೈ ಮೆತ್ತಗಿತ್ತು, ಐದೂ ಬೆರಳು ನೆಟ್ಟಗಿದ್ದವು. ದಿನೇಶ ಭುಜ ಕೊಡವಿಕೊಂಡ.

"ಹೊಸ ಸ್ವಿಚ್ಚಿಗೂ ದಾರ ಕಟ್ಟುದೇ ಅಲ್ದಾ ದತ್ತಣ್ಣ? ಡಬ್ಬಿ ತುಂಬ್ಬೇಕಲ್ಲ. ತಗಡು ಹೋಗುವಷ್ಟೇ ಸಂದು ಬಿಟ್ಟು ಬೋಲ್ಟು ಹಾಕಿದ ಗಾರ್ಡು ಮಾಡ್ಸಿ. ಬಾಗ್ಲೂ ಬೇಡ, ಸ್ವಿಚ್ಚೂ ಬೇಡ, ಕೈ ಹೋಗುಕೇ ಜಾಗ ಇರುದಿಲ್ಲ. ಅದಾಗುವವರೆಗೆ ಫ್ಯೂಸ್ ಕೊಡುದಿಲ್ಲ."

ಹಾಗೆ ಹೇಳಿದಾಗ ಅವನಿಗೆ ತುಸು ಹಗುರವಾಯಿತು. ಮಕ್ಕಳು ಅವನನ್ನೇ ನೋಡುತ್ತಿದ್ದರು, ಉಮಾಳ ಕಣ್ಣಲ್ಲಿ ನೀರಿತ್ತು. ಸಹಿ ಹಾಕಬೇಕಿದ್ದ ಹಾಳೆಯ ಮೇಲೆ 'ಯಂತ್ರ ಅಸುರಕ್ಷಿತ, ಪರೀಕ್ಷೆ ನಿಲ್ಲಿಸಲಾಗಿದೆ' ಎಂದು ಬರೆದು ಕೊಟ್ಟ. ಭಾಸ್ಕರ ಸರ್ ಅದನ್ನು ಎರಡು ಬೆರಳಲ್ಲಿ ಹಿಡಿದು ಚೀಲಕ್ಕೆ ಹಾಕಿಕೊಂಡು ಹೊರಟರು. ಒಂದಾದರೂ ನೆಟ್ಟಗಿನ ಕೆಲಸ ಮಾಡಿದೆ ಎನ್ನಿಸಿತು ದಿನೇಶನಿಗೆ. ಅದನ್ನು ಅಕ್ಕನಿಗೆ ಹೇಳಬೇಕೆಂದು ಹಿಂದಿನ ಬಾಗಿಲಿಗೆ ಬಂದ.

ಮಂಜಿ ತೆಂಗಿನ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೈ ತೊಳೆಯುತ್ತಿದ್ದಳು. ಎಣ್ಣೆ ಹೋಗಿ ಎಷ್ಟೋ ಹೊತ್ತಾಗಿತ್ತು. ಆದರೂ ತೊಳೆಯುತ್ತಲೇ ಇದ್ದಳು.

"ಅಕ್ಕ, ನಾ ಎಲ್ಲಾ ನಿಲ್ಸಿದೆ. ಇನ್ನು ಆ ಮಿಶಿನ್ ಹಾಂಗೆ ಓಡುದಿಲ್ಲ."

ಅವಳು ನಲ್ಲಿ ನಿಲ್ಲಿಸಿದಳು. "ಹೋದ್ವರ್ಷ ಆ ಸ್ಪ್ರಿಂಗು ಸರಿ ಇತ್ತಾ?"

ದಿನೇಶ ಶೆಡ್ಡಿನ ಕಡೆ ತಿರುಗಿ ನೋಡಿದ.

"ಅದ್ರ ಹಿಂದಿನ ವರ್ಷ?"

"ಗೊತ್ತಿಲ್ಲ ಅಕ್ಕ. ನಾ ಆ ಬದಿಗೆ ನಿಂತದ್ದೇ ಇಲ್ಲ."

"ದಾರ ಕಟ್ಟಿದ್ದು ನಾನು. ಅದು ನಂದೇ ತಪ್ಪು, ಅದ್ಕೆ ದಿನಾ ಹೆದ್ರಿ ದುಡ್ದೆ. ಬಿಚ್ಚಿದ ದಿನ ಹೆದ್ರಲಿಲ್ಲ. ಎಂತಕೆ ಗೊತ್ತುಂಟಾ? ನೀ ಕಲ್ತವ, ನೀ ಎದುರಿಗೆ ನಿಂತಿರ್ತೆ. ತಮ್ಮ ನಿಂತವ್ನೆ ಅಂದ್ರೆ ಮಿಶಿನ್ ಸರಿ ಇರ್ತದೆ ಅಂತ ಕೈ ಇಟ್ಟೆ." ಸೆರಗಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡಳು. "ಇಷ್ಟು ವರ್ಷದಲ್ಲಿ ಮಕ್ಕಳಿಗೆ ತೋರ್ಸುಕೆ ಒಂದು ಸಲ ನಿನ್ ಕೈ ಇಟ್ಟಿದ್ಯಾ?"

"ಇಲ್ಲ."

"ಇಡುವ ಅಂತ ಮನ್ಸಿಗಾದ್ರೂ ಬಂದಿತ್ತಾ?"

ದಿನೇಶನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಪ್ರತಿವರ್ಷ ಅಕ್ಕ ಅಂಗೈ ಹರವಿದಾಗಲೆಲ್ಲ ತನ್ನ ಎರಡೂ ಕೈ ತಾನಾಗಿಯೇ ಪ್ಯಾಂಟಿನ ಜೇಬಿಗೆ ಹೋಗುತ್ತಿದ್ದದ್ದು ಅವನಿಗೆ ಆಗಷ್ಟೇ ಹೊಳೆಯಿತು.

"ಇಲ್ಲ ಅಕ್ಕ" ಎಂದ.

"ಅಂದ್ರೆ ನಿಂಗೆ ಗೊತ್ತಿತ್ತು" ಎಂದಳು ಮಂಜಿ. ಬುತ್ತಿ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದಳು.